ನೂರೈವತ್ತರ ಲೆಕ್ಕ

ಕಲ್ಲುಗುಂಡಿ ಪೇಟೆಯಲ್ಲಿ ಹೆದ್ದಾರಿ ಬದಿಗೆ ಒಂದು ರಿಪೇರಿ ಅಂಗಡಿ ಉಂಟು. ಮದ್ದು ಬಿಡುವ ಪಂಪ್, ಹುಲ್ಲು ಹೊಡೆಯುವ ಮೆಷಿನ್, ಅಡಿಕೆ ಸುಲಿಯುವ ಮೆಷಿನ್, ನೀರಿನ ಪಂಪ್ ಎಲ್ಲ ಅಲ್ಲಿಗೆ ಬರ್ತವೆ. ನಮ್ಮಲ್ಲೊಬ್ಬನ ಮನೆ ಅಲ್ಲಿಂದ ಕೂಗಳತೆ ದೂರ. ಹಾಗಾಗಿ ಮಿನಿ ಪ್ರಾಜೆಕ್ಟಿಗೆ ಏನು ಮಾಡುವುದು ಅಂತ ನಾವು ನಾಲ್ವರು ತಲೆ ಕೆರೆದುಕೊಳ್ತಾ ಕೂತಿದ್ದಾಗ ಅವನೇ ಹೇಳಿದ್ದು: "ಧನಿ ಏನೋ ಲೆಕ್ಕ ಮಾಡ್ಲಿಕ್ಕೆ ಜನ ಹುಡುಕ್ತಿದ್ದಾರೆ, ಬನ್ನಿ."

ನಾವು ಫಿಕ್ಸ್ಚರ್ ಡಿಸೈನು, ಯಾವುದಾದರೂ ಜಿಗ್ಗು, ಅಂಥದ್ದೇನಾದರೂ ಇರಬಹುದು ಅಂತ ಆಸೆಯಲ್ಲಿ ಹೋದೆವು. ಧನಿ ಒಂದು ಕಾಗದ ಕೈಗೆ ಕೊಟ್ಟರು. ಸಂಪಾಜೆ ಘಾಟಿಯ ಮೇಲಿನ ಒಂದು ಕಾಫಿ ಎಸ್ಟೇಟಿನವರು ಬರೆದದ್ದು. ನಮ್ಮ ಮೆಷಿನುಗಳ ರಿಪೇರಿ ಒಂದು ವರ್ಷ ನೀವೇ ನೋಡಿಕೊಳ್ಳಿ, ಸ್ಪೇರ್ ನಾವೇ ತರಿಸಿ ಕೊಡ್ತೇವೆ, ಕೆಲಸದ ದರ ಗಂಟೆಗೆ ಎಷ್ಟು ಅಂತ ಮಾತ್ರ ಬರೆದು ತಿಳಿಸಿ ಅಂತ.

"ನಾನು ನೂರೈವತ್ತು ಅಂತ ಬರಿಬೇಕು ಅಂತ ಇದ್ದೆ," ಅಂದರು ಧನಿ. "ಹುಡುಗನಿಗೆ ಗಂಟೆಗೆ ಎಂಬತ್ತೇಳು ಬೀಳ್ತದೆ. ಅರುವತ್ತಮೂರು ಉಳಿತದೆ. ಸಾಕಲ್ವಾ?"

ಎಂಬತ್ತೇಳು ಎಲ್ಲಿಂದ ಬಂತು ಅಂತ ಕೇಳಿದೆವು. ಅಂಗಡಿಯಲ್ಲಿ ಧನಿ ಬಿಟ್ಟರೆ ಇರುವುದು ಒಬ್ಬ ಮೆಕ್ಯಾನಿಕ್. ಅವನ ಸಂಬಳ ತಿಂಗಳಿಗೆ 18,000 ರೂಪಾಯಿ. ಅದನ್ನು 26 ದಿನದಿಂದ, ಆಮೇಲೆ 8 ಗಂಟೆಯಿಂದ ಭಾಗಿಸಿದರೆ 86 ರೂಪಾಯಿ 54 ಪೈಸೆ. ಲೆಕ್ಕ ತಪ್ಪಿಲ್ಲ. ಆ ಹೊತ್ತಿಗೆ ನಮಗೂ ತಪ್ಪು ಕಾಣಲಿಲ್ಲ ಅಂತಲೇ ಹೇಳಬೇಕು.

ತಪ್ಪು ಕಾಣಿಸಿದ್ದು ಮೆಕ್ಯಾನಿಕ್ ಅಣ್ಣನ ಮಾತಿನಿಂದ. ಚಾ ಕುಡಿಯುವಾಗ ನಮ್ಮನ್ನು ಬದಿಗೆ ಕರೆದು ಮೆಲ್ಲ ಕೇಳಿದ: "ನಿಮಗೆ ಗೊತ್ತಿರ್ಬಹುದು. ಮಂಗಳೂರಲ್ಲಿ ಒಂದು ಕಡೆ 17,000 ಕೊಡ್ತೇನೆ ಅಂತಾರೆ, ಪಿಎಫ್, ಇಎಸ್‌ಐ ಉಂಟಂತೆ. ಇಲ್ಲಿ 18,000. ಯಾವುದು ಜಾಸ್ತಿ?" ನಾಲ್ಕು ವರ್ಷದಿಂದ ಇಲ್ಲಿದ್ದಾನೆ. ಅವನು ಹೋದರೆ ಆ ಅಂಗಡಿ ಅರ್ಧ ಮುಚ್ಚಿದ ಹಾಗೆ. ಅಂದರೆ ಎಸ್ಟೇಟಿಗೆ ಬರೆಯುವ ದರದೊಳಗೆ ಇವನನ್ನು ಉಳಿಸಿಕೊಳ್ಳುವ ಖರ್ಚೂ ಇರಬೇಕು. ಅದು ಎಂಬತ್ತೇಳರಲ್ಲಿ ಇರಲಿಲ್ಲ.

ಮೊದಲು ಸುಲಭದ ಭಾಗ ಮಾಡಿದೆವು. ಪಿಎಫ್‌ಗೆ ಮಾಲೀಕರ ಪಾಲು ಸಂಬಳದ ಶೇಕಡಾ 12. ಅದರ ಜೊತೆಗೆ ವಿಮೆಗೆ ಅರ್ಧ, ಆಡಳಿತ ಶುಲ್ಕ ಅರ್ಧ, ಒಟ್ಟು 13. ತಿಂಗಳಿಗೆ 15,000 ರೂಪಾಯಿವರೆಗಿನ ಸಂಬಳಕ್ಕೆ ಮಾತ್ರ ಅದನ್ನು ಕಟ್ಟಿದರೂ ಕಾನೂನಿಗೆ ಸಾಕು. ಇಎಸ್‌ಐಗೆ ಮಾಲೀಕರ ಪಾಲು ಶೇಕಡಾ 3.25, ಅದು ಪೂರ್ತಿ ಸಂಬಳದ ಮೇಲೆ. ಗ್ರಾಚ್ಯುಟಿ ಅಂದರೆ ಸೇವೆ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ ಹಿಡಿದು. ಬೋನಸ್ಸು ಧನಿ ಕೊಡುವುದು ದೀಪಾವಳಿಗೆ ಪೂರ್ತಿ ಒಂದು ತಿಂಗಳ ಸಂಬಳ.

ಇಷ್ಟನ್ನು ಓದಿ ಹೇಳಿದಾಗ ಧನಿ ನಕ್ಕರು. "ಇದೆಲ್ಲ ದೊಡ್ಡ ಕಂಪೆನಿಗೆ ಮಾರಾಯ್ರೇ. ನನ್ನ ಹತ್ರ ಇರುವುದು ಒಬ್ಬ."

ಅವರು ಹೇಳಿದ್ದು ಸರಿಯೇ. ಪಿಎಫ್ ಕಡ್ಡಾಯ ಆಗುವುದು 20 ಜನ ಇದ್ದರೆ, ಇಎಸ್‌ಐ ಮತ್ತು ಗ್ರಾಚ್ಯುಟಿ 10 ಜನ ಇದ್ದರೆ. ಇವರನ್ನು ಯಾರೂ ಬಂದು ಕೇಳುವುದಿಲ್ಲ. ಆದರೆ ಕಡ್ಡಾಯ ಇಲ್ಲ ಅಂದ ಮಾತ್ರಕ್ಕೆ ಖರ್ಚು ಇಲ್ಲ ಅಂತ ಅಲ್ಲ ಅನ್ನುವುದು ಧನಿಯ ಚೀಟಿಗಳನ್ನು ನೋಡಿದಾಗ ಗೊತ್ತಾಯಿತು. ಹೋದ ವರ್ಷ ಗ್ರೈಂಡರಿನ ಕಿಡಿ ಕಣ್ಣಿಗೆ ಬಿದ್ದಾಗ ಆಸ್ಪತ್ರೆಗೆ ಕೊಟ್ಟದ್ದು ಇವರೇ. ತಂಗಿ ಮದುವೆಗೆ ಕೊಟ್ಟ ಅಡ್ವಾನ್ಸ್ ಅರ್ಧ ವಾಪಸ್ ಬಂದಿಲ್ಲ, ಬರುವ ಅಂದಾಜೂ ಇಲ್ಲ. ಅಂದರೆ ಇಎಸ್‌ಐ ಮತ್ತು ಪಿಎಫ್ ಎರಡನ್ನೂ ಧನಿ ತಮ್ಮದೇ ರೀತಿಯಲ್ಲಿ ಕಟ್ತಾ ಇದ್ದರು. ದರದಲ್ಲಿ ಸೇರಿಸಿರಲಿಲ್ಲ, ಅಷ್ಟೇ.

ಹಾಗಾಗಿ ಕಾನೂನಿನ ಅಳತೆಯಲ್ಲೇ ತೆಗೆದಿಡುವುದು ಅಂತ ತೀರ್ಮಾನ ಆಯಿತು. ವರ್ಷದ ಸಂಬಳ 2,16,000. ಪಿಎಫ್ ಲೆಕ್ಕಕ್ಕೆ ತಿಂಗಳಿಗೆ 1,950ರ ಹಾಗೆ 23,400. ಇಎಸ್‌ಐ ಬದಲಿಗೆ ವಿಮೆಗೆ 7,020. ಬೋನಸ್ 18,000. ಗ್ರಾಚ್ಯುಟಿಗೆ 10,385. ಒಟ್ಟು 2,74,805 ರೂಪಾಯಿ. ಸಂಬಳಕ್ಕಿಂತ ಶೇಕಡಾ 27 ಜಾಸ್ತಿ. ಇದನ್ನು ವರ್ಷದ 2,496 ಗಂಟೆಯಿಂದ ಭಾಗಿಸಿದರೆ ಗಂಟೆಗೆ 110.

"ಹಾಗಾದ್ರೂ ನಲವತ್ತು ಉಳಿತದಲ್ಲ," ಅಂದರು ಧನಿ. ನಾವೂ ಅಲ್ಲಿಗೆ ಮುಗಿಯಿತು ಅಂದುಕೊಂಡು ರಿಪೋರ್ಟ್ ಬರೆಯಲು ಶುರು ಮಾಡಿದ್ದೆವು. ಗೈಡ್ ಮೇಡಂ ಒಂದೇ ಪ್ರಶ್ನೆ ಕೇಳಿದರು: "2,496 ಗಂಟೆಗೆ ಬಿಲ್ ಮಾಡಿದ್ದಾರಾ?"

2,496 ಅಂದರೆ ಸಂಬಳ ಕೊಟ್ಟ ಗಂಟೆ. ವಾರಕ್ಕೆ 48ರ ಹಾಗೆ 52 ವಾರ. ಗಿರಾಕಿಯಿಂದ ದುಡ್ಡು ವಸೂಲಾದ ಗಂಟೆ ಬೇರೆಯೇ. ಅದನ್ನು ಹುಡುಕಲು ನಾವು ಮತ್ತೆ ಕಲ್ಲುಗುಂಡಿ ಬಸ್ಸು ಹತ್ತಿದೆವು.

ರಜೆ ತೆಗೆಯುವುದು ಸುಲಭ. ರಾಷ್ಟ್ರೀಯ ಹಬ್ಬ, ಊರ ಹಬ್ಬ ಅಂತ 10 ದಿನ, ಸ್ವಂತ ರಜೆ 14 ದಿನ, ಎಲ್ಲದಕ್ಕೂ ಸಂಬಳ ಉಂಟು. ವರ್ಷದ 312 ದಿನದಲ್ಲಿ ಅದು ಹೋದರೆ 288 ದಿನ ಅವನು ಅಂಗಡಿಯಲ್ಲಿ ಇರುತ್ತಾನೆ. ಇಲ್ಲಿ ನಾವೊಂದು ಎಡವಟ್ಟು ಮಾಡಿದೆವು. ರಜೆಯ ಸಂಬಳವನ್ನು ಖರ್ಚಿನ ಪಟ್ಟಿಗೂ ಸೇರಿಸಿ, ಗಂಟೆಯಿಂದಲೂ ಕಳೆದುಬಿಟ್ಟೆವು. 2,16,000ದಲ್ಲಿ ಆ 24 ದಿನದ ಸಂಬಳ ಆಗಲೇ ಕೂತಿದೆ. ಇನ್ನೊಮ್ಮೆ ಸೇರಿಸಿದರೆ ಗಿರಾಕಿ ಒಂದೇ ರಜೆಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಎಕ್ಸೆಲ್ ಶೀಟು ನೋಡಲಿಕ್ಕೆ ಚಂದ ಇದ್ದ ಕಾರಣ ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ!

ಕಷ್ಟ ಇದ್ದದ್ದು ದಿನದ ಎಂಟು ಗಂಟೆಯೊಳಗೆ. ಕ್ಲಾಸಿನಲ್ಲಿ ವರ್ಕ್ ಸ್ಯಾಂಪ್ಲಿಂಗ್ ಓದಿದ್ದೆವಲ್ಲ, ಅದನ್ನೇ ಸ್ವಲ್ಪ ಒರಟಾಗಿ ಮಾಡಿದೆವು. ಒಂದು ನೋಟ್‌ಬುಕ್ಕಿನಲ್ಲಿ ಹದಿನೈದು ನಿಮಿಷಕ್ಕೊಂದು ಗೆರೆ. ಆ ಹೊತ್ತಿನಲ್ಲಿ ಮೆಕ್ಯಾನಿಕ್ ಅಣ್ಣ ಮಾಡುತ್ತಿರುವ ಕೆಲಸ ಯಾರ ಬಿಲ್ಲಿಗೆ ಹೋಗ್ತದೆ ಅಂತ ಬರೆಯುವುದು, ಯಾರ ಬಿಲ್ಲಿಗೂ ಹೋಗದಿದ್ದರೆ 'ಸುಮ್ನೆ' ಅಂತ ಬರೆದು ಪಕ್ಕದಲ್ಲಿ ಕಾರಣ. ಫೆಬ್ರವರಿಯಲ್ಲಿ 12 ದಿನ, ಜೂನಿನಲ್ಲಿ 12 ದಿನ ಬರೆದೆವು. ಆ 'ಸುಮ್ನೆ' ಶಬ್ದಕ್ಕೆ ಅವನಿಗೆ ಮೊದಮೊದಲು ಬೇಜಾರಾಯಿತು. "ನಾನೆಂತ ಸುಮ್ನೆ ಕೂತಿದ್ದೇನಾ?" ಅಂತ ಕೇಳಿದ. ಕೂತಿರಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ ವಿಷಯ.

ಬೆಳಿಗ್ಗೆ ಶಟರ್ ತೆಗೆದು ಗುಡಿಸಿ ಟೂಲ್ಸ್ ಹೊಂದಿಸುವುದು, ಎರಡು ಚಾ, ಸಂಜೆ ಎಲ್ಲ ಒಳಗಿಡುವುದು ಸೇರಿ ದಿನಕ್ಕೆ ಸರಾಸರಿ 35 ನಿಮಿಷ. ಇದನ್ನು ಯಾರೂ ಕಡಿಮೆ ಮಾಡಲಾಗದು, ಮಾಡಲೂಬಾರದು. ಆಮೇಲೆ 45 ನಿಮಿಷ ಹೋಗುವುದು ರಿಪೇರಿಯೇ ಆಗದ ಮೆಷಿನುಗಳಿಗೆ. ಗಿರಾಕಿ ಜೀಪಿನಿಂದ ಪಂಪ್ ಇಳಿಸ್ತಾರೆ, ಇವನು ಹೆಡ್ ಬಿಚ್ಚಿ ನೋಡ್ತಾನೆ, ವಾಲ್ವ್ ಹೋಗಿದೆ, ಪಿಸ್ಟನ್ ವಾಷರ್ ಹೋಗಿದೆ, ಇಷ್ಟಾಗ್ತದೆ ಅಂತಾನೆ. ಅವರು "ಮನೆಯಲ್ಲಿ ಕೇಳಿ ಹೇಳ್ತೇನೆ" ಅಂತ ಪುನಃ ಜೀಪಿಗೆ ಹಾಕ್ತಾರೆ. ನೋಡಿದ್ದಕ್ಕೆ ಒಂದು ರೂಪಾಯಿ ಇಲ್ಲ.

ಸ್ಪೇರ್ ತರಲು ಅರಂತೋಡು ದಾಟಿ ಸುಳ್ಯಕ್ಕೆ ಹೋಗಿ ಬರುವುದು ದಿನಕ್ಕೆ ಸರಾಸರಿ 40 ನಿಮಿಷ. ಪ್ರತಿ ದಿನ ಹೋಗುವುದಿಲ್ಲ, ಹೋದ ದಿನ ಅರ್ಧ ದಿನವೇ ಹೋಗ್ತದೆ. ಮಾಡಿದ ಕೆಲಸ ವಾಪಸ್ ಬಂದು ಪುಕ್ಕಟೆ ಸರಿಮಾಡಿ ಕೊಡುವುದು 20 ನಿಮಿಷ. ಇದರಲ್ಲಿ ಹೆಚ್ಚು ಮದ್ದು ಬಿಡುವ ಪಂಪುಗಳೇ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು, ಸುಣ್ಣ ಎರಡೂ ಇರ್ತದೆ. ಬಿಟ್ಟಾದ ಮೇಲೆ ನೀರು ಹಾಯಿಸಿ ತೊಳೆಯದೆ ಇಟ್ಟರೆ ಅದು ಒಳಗೆ ಗಟ್ಟಿ ಕಟ್ಟುತ್ತದೆ, ಹೊಸ ವಾಲ್ವ್ ಕೂಡ ಸರಿ ಕೂರುವುದಿಲ್ಲ. ಗಿರಾಕಿ ತೊಳೆಯದ್ದು ತಪ್ಪು, ಆದರೆ ಬೈಗುಳ ಬೀಳುವುದು ರಿಪೇರಿ ಮಾಡಿದವನಿಗೆ. ಉಳಿದ 25 ನಿಮಿಷ ಕರೆಂಟ್ ಇಲ್ಲ, ಇಲ್ಲಾ ಕೆಲಸ ಇಲ್ಲ.

ಒಟ್ಟು 165 ನಿಮಿಷ. ಅಂದರೆ ದಿನಕ್ಕೆ ಬಿಲ್ಲಾಗುವುದು 5 ಗಂಟೆ 15 ನಿಮಿಷ. ಬೇರೆ ಬೇರೆಯಾಗಿ ನೋಡಿದರೆ ಫೆಬ್ರವರಿಯಲ್ಲಿ 4 ಗಂಟೆ 40 ನಿಮಿಷ, ಜೂನಿನಲ್ಲಿ 5 ಗಂಟೆ 50 ನಿಮಿಷ. ಜೂನಿನಲ್ಲಿ ತೋಟಕ್ಕೆ ಮದ್ದು ಬಿಡುವ ಸಮಯ, ಪಂಪುಗಳು ಸಾಲು ನಿಲ್ತವೆ. ಆ ಹನ್ನೆರಡು ದಿನ ಮಾತ್ರ ನೋಡಿ ಬಂದಿದ್ದರೆ ನಾವು ಇಡೀ ವರ್ಷಕ್ಕೆ ತಪ್ಪು ಲೆಕ್ಕ ಕೊಡ್ತಿದ್ದೆವು.

ನಮ್ಮ 24 ದಿನದಲ್ಲಿ ಜೋರು ಮಳೆಯ ದಿನಗಳೂ ಇರಲಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಮಡಿಕೇರಿ ರಸ್ತೆ ಬಂದಾದಾಗ ಮೇಲಿನ ಗಿರಾಕಿಗಳು ಬರುವ ದಾರಿಯೇ ಇರಲಿಲ್ಲ. 2022ರ ಆಗಸ್ಟ್ ಮೊದಲಿಗೆ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೇ ನೀರು ನುಗ್ಗಿತು. ಎರಡನೆಯದರ ಹೊತ್ತಿಗೆ ಮೆಕ್ಯಾನಿಕ್ ಅಣ್ಣ ಆಗಷ್ಟೇ ಕೆಲಸಕ್ಕೆ ಸೇರಿದ್ದ. ಮೊದಲ ತಿಂಗಳ ಸಂಬಳಕ್ಕೆ ಅವನು ಮಾಡಿದ ಕೆಲಸದಲ್ಲಿ ಹೆಚ್ಚಿನದು ಅಂಗಡಿಯ ಕೆಸರು ತೆಗೆಯುವುದು, ನೀರು ಕುಡಿದ ಮೋಟರುಗಳನ್ನು ಬಿಸಿಲಿಗಿಡುವುದು. ಬಿಲ್ ಯಾರಿಗೆ ಮಾಡುವುದು?

ಆದ್ದರಿಂದ ಇನ್ನೊಂದು ದಾರಿಯಿಂದ ತಾಳೆ ನೋಡಿದೆವು. ಯಾವ ಅಂಗಡಿಯವರೂ ಇದನ್ನು ಒಂದು ಸಂಜೆಯಲ್ಲಿ ಮಾಡಬಹುದು. ವರ್ಷದ ಬಿಲ್ ಪುಸ್ತಕಗಳನ್ನು ತೆಗೆದು ಸ್ಪೇರಿನ ದುಡ್ಡು ಬಿಟ್ಟು ಬರೀ ಮಜೂರಿ ಕೂಡಿಸುವುದು, ಅದನ್ನು ಗಂಟೆಯ ದರದಿಂದ ಭಾಗಿಸುವುದು. ಪೇಟೆಯ ಗಿರಾಕಿಗೆ ಧನಿ ಗಂಟೆ ಅಂತ ಬರೆಯುವುದಿಲ್ಲ, 'ಮಜೂರಿ 300' ಅಂತ ಬರೀತಾರೆ. ಆದರೆ ಮನಸ್ಸಿನಲ್ಲಿ ಎರಡು ಗಂಟೆ, ನೂರೈವತ್ತರ ಹಾಗೆ ಅಂತಲೇ ಹಿಡಿಯುವುದು. ಅದೃಷ್ಟಕ್ಕೆ ಪ್ರತಿ ಬಿಲ್ಲಿನ ಮೂಲೆಯಲ್ಲಿ ಕೆಲಸ ಯಾರು ಮಾಡಿದ್ದು ಅಂತ ಗುರುತು ಇತ್ತು. ಮೆಕ್ಯಾನಿಕ್ ಅಣ್ಣನ ಪಾಲು 2,09,000 ರೂಪಾಯಿ ಬಂತು. ಅಂದರೆ ಸುಮಾರು 1,393 ಗಂಟೆ, 288 ದಿನಕ್ಕೆ ಹಂಚಿದರೆ ದಿನಕ್ಕೆ 5 ಗಂಟೆಗಿಂತ ಚೂರು ಕಡಿಮೆ. ನೋಟ್‌ಬುಕ್ ಹೇಳಿದ್ದು ಐದಕ್ಕಿಂತ ಚೂರು ಜಾಸ್ತಿ. ಐದು ಅಂತ ಹಿಡಿದೆವು. ವರ್ಷಕ್ಕೆ 1,440 ಗಂಟೆ.

ಈಗ 2,74,805ನ್ನು 1,440ರಿಂದ ಭಾಗಿಸಿದರೆ ಗಂಟೆಗೆ 191 ರೂಪಾಯಿ. ಬಾಡಿಗೆ ಇಲ್ಲ, ಕರೆಂಟ್ ಇಲ್ಲ, ಲಾಭ ಇಲ್ಲ, ಬರೀ ಆ ಒಬ್ಬ ಮನುಷ್ಯನ ಖರ್ಚು. ನಮ್ಮ ಪುಸ್ತಕದಲ್ಲಿ ಲೋಡೆಡ್ ರೇಟ್ ಅನ್ನುವುದು ಇದನ್ನೇ. ಇನ್ನೂ ಒಂದು ಕೂಡಿಸಿ ನೋಡಿದಾಗ ನಾವೇ ಸ್ವಲ್ಪ ಹೊತ್ತು ಸುಮ್ಮನಾದೆವು. 150ನ್ನು 1,440ರಿಂದ ಗುಣಿಸಿದರೆ 2,16,000. ಒಂದು ರೂಪಾಯಿ ಆಚೆ ಈಚೆ ಇಲ್ಲ, ಅವನ ವರ್ಷದ ಸಂಬಳ! ಗಂಟೆಗೆ ಅರುವತ್ತಮೂರು ಉಳಿತದೆ ಅಂದುಕೊಂಡ ಕಡೆ ಧನಿಗೆ ಸಂಬಳ ಮಾತ್ರ ಹುಟ್ಟುತ್ತಿತ್ತು. ಬೋನಸ್, ಆಸ್ಪತ್ರೆ, ಅಡ್ವಾನ್ಸ್ ಎಲ್ಲ ಕೈಯಿಂದ.

"ಹಾಗಾದ್ರೆ ಇಷ್ಟು ವರ್ಷ ಅಂಗಡಿ ಹೇಗೆ ನಡೀತು?" ಧನಿ ಕೇಳಿದ್ದು ನ್ಯಾಯದ ಪ್ರಶ್ನೆ. ಉತ್ತರ ಅದೇ ಬಿಲ್ ಪುಸ್ತಕದಲ್ಲಿತ್ತು. ಸ್ಪೇರಿನಲ್ಲಿ ಸಿಗುವ ಲಾಭ, ಮತ್ತೆ ಧನಿ ತಮ್ಮ ಸ್ವಂತ ದುಡಿಮೆಗೆ ಸಂಬಳ ಹಿಡಿಯದೇ ಇದ್ದದ್ದು. ಎಸ್ಟೇಟಿನವರು ಸ್ಪೇರ್ ನಾವೇ ಕೊಡ್ತೇವೆ ಅಂದಿದ್ದಾರೆ. ಅಂದರೆ ಅಂಗಡಿಯನ್ನು ಎತ್ತಿ ನಿಲ್ಲಿಸಿದ್ದ ಕೋಲನ್ನೇ ತೆಗೆದು, ನೂರೈವತ್ತಕ್ಕೆ ಮಾಡಿ ಅಂತ ಆಗ್ತಿತ್ತು. ಕೆಲಸ ಜಾಸ್ತಿ ಬಂದಷ್ಟೂ ನಷ್ಟ ಜಾಸ್ತಿ.

ನಮಗೆ ಕುತೂಹಲ ಹುಟ್ಟಿಸಿದ್ದು ಯಾವುದರಿಂದ ಎಷ್ಟು ಏರಿತು ಅನ್ನುವುದು. ಪಿಎಫ್, ಬೋನಸ್ ಎಲ್ಲ ಸೇರಿಸಿ ಗಂಟೆ ಮುಟ್ಟದಿದ್ದರೆ 87 ಇದ್ದದ್ದು 110 ಆಗ್ತದೆ. ಸವಲತ್ತು ಒಂದೂ ಸೇರಿಸದೆ ಗಂಟೆ ಮಾತ್ರ ಸರಿಮಾಡಿದರೆ 87 ಇದ್ದದ್ದು 150. ಎರಡೂ ಸೇರಿದಾಗ 191. ಪಿಎಫ್ ಕಟ್ಟಿದರೆ ಮುಳುಗಿ ಹೋಗ್ತೇವೆ ಅಂತ ಸಣ್ಣ ಅಂಗಡಿಯವರು ಹೇಳುವುದನ್ನು ನಾವೂ ಕೇಳಿದ್ದೇವೆ. ಇಲ್ಲಿ ಮುಳುಗಿಸುತ್ತಾ ಇದ್ದದ್ದು ಪಿಎಫ್ ಅಲ್ಲ, ಸುಳ್ಯದ ಓಡಾಟ ಮತ್ತು ಪುಕ್ಕಟೆ ನೋಡಿಕೊಡುವುದು.

ಅದಕ್ಕೆ ಮೊದಲು ಕೈ ಹಾಕಿದ್ದು ಅಲ್ಲಿಗೇ. ಬಿಲ್ ಪುಸ್ತಕದಿಂದ ಹೆಚ್ಚು ಬಾರಿ ಬರುವ ಸಾಮಾನು ಪಟ್ಟಿ ಮಾಡಿದೆವು. ವಾಲ್ವ್, ಪಿಸ್ಟನ್ ವಾಷರ್, ಸ್ಟಾರ್ಟರ್ ಹಗ್ಗ, ಕಾರ್ಬೊರೇಟರ್ ಡಯಾಫ್ರಂ, ಬೆಲ್ಟ್, ಪ್ಲಗ್. ಇವನ್ನು ಸುಮಾರು 20,000 ರೂಪಾಯಿಗೆ ತಂದು ಡಬ್ಬಿಗಳಲ್ಲಿ ಹಾಕಿ ಇಟ್ಟರು. ಬಿಚ್ಚಿ ನೋಡಲು 100 ರೂಪಾಯಿ, ರಿಪೇರಿ ಮಾಡಿಸಿದರೆ ಅದು ಬಿಲ್ಲಿನಲ್ಲಿ ಕಳೆಯುವುದು ಅಂತ ಬೋರ್ಡು ಬಿತ್ತು. "ನೋಡ್ಲಿಕ್ಕೂ ದುಡ್ಡಾ?" ಅಂತ ಇಬ್ಬರು ಸಿಟ್ಟಾಗಿ ಹೋದದ್ದನ್ನು ನಾವೇ ಕಂಡಿದ್ದೇವೆ. ಒಬ್ಬರು ಮರುದಿನ ಬಂದರು.

ದಿನಕ್ಕೆ ಅರ್ಧ ಗಂಟೆ ಹೀಗೆ ವಾಪಸ್ ಸಿಕ್ಕಿದರೆ ವರ್ಷಕ್ಕೆ 1,584 ಗಂಟೆ, ದರ 191ರಿಂದ 173ಕ್ಕೆ ಇಳಿಯುತ್ತದೆ. ಆದರೆ ಉಳಿದ ಆ ಅರ್ಧ ಗಂಟೆಗೆ ಹಾಕಲು ಕೆಲಸ ಬೇಕು. ಪಂಪುಗಳು ಸಾಲು ನಿಂತ ಜೂನಿನಲ್ಲಿ ಅದು ದುಡ್ಡು. ಗಿರಾಕಿಯೇ ಇಲ್ಲದ ಮಳೆಯ ವಾರದಲ್ಲಿ ಸುಳ್ಯಕ್ಕೆ ಹೋಗದೆ ಉಳಿದ ಅರ್ಧ ಗಂಟೆ ಕರೆಂಟ್ ಕಾಯುವುದಕ್ಕೆ ಹೋಗ್ತದೆ ಅಷ್ಟೇ. ಹಾಗಾಗಿ ಎಸ್ಟೇಟಿಗೆ ಬರೆಯುವಾಗ ಆ 173ನ್ನು ನಂಬಲಿಲ್ಲ, 191ನ್ನೇ ಇಟ್ಟುಕೊಂಡೆವು.

ಅಂಗಡಿ ಖರ್ಚು ಬೇಗ ಮುಗಿಯಿತು. ಬಾಡಿಗೆ, ಕರೆಂಟ್, ವೆಲ್ಡಿಂಗ್ ರಾಡ್, ಗ್ರೈಂಡರ್ ಡಿಸ್ಕ್, ಫೋನ್ ಎಲ್ಲ ಸೇರಿ ವರ್ಷಕ್ಕೆ 1,20,000. ಧನಿಯೂ ವರ್ಷಕ್ಕೆ ಸುಮಾರು 960 ಗಂಟೆ ಬಿಲ್ಲಾಗುವ ಕೆಲಸ ಮಾಡ್ತಾರೆ, ಇಬ್ಬರದ್ದೂ ಸೇರಿ 2,400. ಗಂಟೆಗೆ 50 ರೂಪಾಯಿ. 191ಕ್ಕೆ ಸೇರಿದರೆ 241. ಅದರ ಮೇಲೆ ಶೇಕಡಾ 10 ಇಟ್ಟರೆ 265.

265 ಅಂತ ಬರೆಯಲು ಧನಿಗೆ ಕೈ ಬರಲಿಲ್ಲ. ನೂರೈವತ್ತರಿಂದ ಒಮ್ಮೆಲೇ ಹಾರಿದ ಹಾಗೆ ಕಾಣ್ತದೆ, ನಗ್ತಾರೆ ಅಂತ. ಕೊನೆಗೆ ಬರೆದರು. ಮೆಷಿನ್ ಅಂಗಡಿಗೆ ತಂದರೆ ಕೆಲಸದ ಗಂಟೆ ಮಾತ್ರ, ಎಸ್ಟೇಟಿಗೇ ಬರಬೇಕಾದರೆ ಅಂಗಡಿ ಬಿಟ್ಟಲ್ಲಿಂದ ವಾಪಸ್ ಮುಟ್ಟುವವರೆಗೆ ಗಂಟೆ ಅಂತ ಒಂದು ಸಾಲು ನಾವು ಸೇರಿಸಿದೆವು. ಘಾಟಿ ಹತ್ತಿ ಇಳಿಯುವ ಹೊತ್ತನ್ನು ಬಿಟ್ಟರೆ ದಿನಕ್ಕೆ ಐದು ಗಂಟೆ ಅನ್ನುವ ಲೆಕ್ಕವೇ ಕುಸಿಯುತ್ತದೆ.

ಎಸ್ಟೇಟಿನ ಮ್ಯಾನೇಜರ್ ಫೋನ್ ಮಾಡಿದರು, ನಗಲಿಲ್ಲ. 240 ಮಾಡಿ ಅಂದರು. ಧನಿ ನಮ್ಮ ಕಡೆ ನೋಡಿದರು. 241ಕ್ಕಿಂತ ಕೆಳಗೆ ಅಂತ ನಾವು ಕೈಯಲ್ಲೇ ಬೇಡ ಅಂದೆವು. 250ಕ್ಕೆ ನಿಂತಿತು, ಆದರೆ ಧನಿ ಒಂದು ಷರತ್ತು ಹಾಕಿದರು. ಹುಲ್ಲು ಹೊಡೆಯುವ ಮೆಷಿನುಗಳ ಸರ್ವಿಸ್ ಎಲ್ಲ ಆಗಸ್ಟ್, ಸೆಪ್ಟೆಂಬರಿನಲ್ಲಿ ಕೊಡಬೇಕು, ಅಂಗಡಿ ಖಾಲಿ ಇರುವಾಗ. ಇದು ನಮಗೆ ಹೊಳೆದದ್ದಲ್ಲ, ಪೂರ್ತಿ ಅವರದೇ ತಲೆ. ಖಾಲಿ ತಿಂಗಳಿಗೆ ಕೆಲಸ ತುಂಬಿದರೆ 1,440 ತಾನಾಗಿ ಏರುತ್ತದೆ ಅನ್ನುವುದನ್ನು ಅವರು ನಮಗಿಂತ ಬೇಗ ಹಿಡಿದಿದ್ದರು.

ಮೆಕ್ಯಾನಿಕ್ ಅಣ್ಣನ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು. ಮಂಗಳೂರಿನ 17,000ದ ಮೇಲೆ ಮಾಲೀಕರ ಪಿಎಫ್ ಪಾಲು 1,800 ಅವನ ಹೆಸರಿಗೇ ಜಮೆಯಾಗುತ್ತದೆ, ಕೆಲವು ಪಾಲು ಪಿಂಚಣಿಗೆ. ಹಾಗೆ ನೋಡಿದರೆ ಅಲ್ಲಿ 18,800. ಆದರೆ ರೂಮಿನ ಬಾಡಿಗೆ, ಊಟ ಬೇರೆ. ಅದನ್ನೇ ಹೇಳಿದೆವು. ಧನಿ ಸ್ವಂತ ಇಷ್ಟದಿಂದ ಪಿಎಫ್‌ಗೆ ಸೇರಬಹುದು, ಕೆಲಸದವರು ಒಪ್ಪಬೇಕು ಅಷ್ಟೇ. ಇಎಸ್‌ಐ ಬದಲಿಗೆ ಅಪಘಾತ ವಿಮೆ, ಆರೋಗ್ಯ ವಿಮೆ ಮಾಡಿಸಿದರು. ಪಿಎಫ್‌ನಲ್ಲಿ ನಾವು ಕಾಣದೇ ಇದ್ದ ಒಂದು ವಿಷಯ ಸಿಕ್ಕಿತು. ಆಡಳಿತ ಶುಲ್ಕ ಅರ್ಧ ಶೇಕಡಾ ಅಂದರೆ 75 ರೂಪಾಯಿ ಅಂತ ಹಾಕಿದ್ದೆವು, ಆದರೆ ಒಂದು ಸಂಸ್ಥೆಗೆ ತಿಂಗಳಿಗೆ ಕನಿಷ್ಠ 500 ಕಟ್ಟಬೇಕು. ನೂರು ಜನ ಇದ್ದಲ್ಲಿ ಅದು ಗೊತ್ತೇ ಆಗದು, ಒಬ್ಬನಿದ್ದಲ್ಲಿ ವರ್ಷಕ್ಕೆ 5,100 ಹೆಚ್ಚು. ಗಂಟೆಗೆ ಮೂರೂವರೆ ರೂಪಾಯಿ. 250ರೊಳಗೆ ಹೇಗೋ ಹಿಡಿಯಿತು.

ಮೊನ್ನೆ ಹೋದಾಗ ಅವನು ಎಸ್ಟೇಟಿನ ಮೆಷಿನ್ ಬಿಚ್ಚಿಕೊಂಡು ಕೂತಿದ್ದ. ನಮ್ಮ ನೋಟ್‌ಬುಕ್ ಮುಗಿದು ಹೊಸದು ಬಂದಿದೆ, ಬರೆಯುವುದು ಈಗ ಅವನೇ. 'ಸುಮ್ನೆ' ಅನ್ನುವುದನ್ನು ಹೊಡೆದು 'ಅಂಗಡಿ ಖಾತೆ' ಅಂತ ಮಾಡಿದ್ದಾನೆ. ನಾವು ಹೋಗಿ ಮಾತಾಡಿಸಿದ ಹದಿನೈದು ನಿಮಿಷವನ್ನೂ ಅದೇ ಖಾತೆಗೆ ಬರೆದ.